ಕಾಫಿ ಮಾರಿದ ತಿಂಗಳ ದುಡ್ಡು, ಮಕ್ಕಳ ವಾರದ ಖರ್ಚು

ಮಕ್ಕಳ ಉಳಿತಾಯದ ಬಗ್ಗೆ ಅಚ್ಚಾಗುವ ಕರಪತ್ರಗಳಲ್ಲಿ ಒಂದು ಮನೆ ಇರುತ್ತದೆ. ಆ ಮನೆಯ ತಂದೆಗೆ ತಿಂಗಳ ಒಂದನೇ ತಾರೀಖು ಸಂಬಳ ಬರುತ್ತದೆ, ಅವರು ಪ್ರತಿ ಭಾನುವಾರ ಮಗಳ ಕೈಗೆ ಇಂತಿಷ್ಟು ಎಂದು ಕೊಡುತ್ತಾರೆ, ಮಗಳು ಅದರಲ್ಲಿ ಒಂದು ಪಾಲನ್ನು ಹುಂಡಿಗೆ ಹಾಕುತ್ತಾಳೆ. ಹಾಸನ ಜಿಲ್ಲೆಯ ಬ್ಯಾಂಕ್ ಶಾಖೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ಅಂಥ ಮನೆಗಳು ಗೊತ್ತಿಲ್ಲವೆಂದಲ್ಲ, ಆದರೆ ಕೌಂಟರಿನ ಆಚೆ ಬದಿಯಲ್ಲಿ ನಿಲ್ಲುತ್ತಿದ್ದವರಲ್ಲಿ ಹೆಚ್ಚಿನವರ ಮನೆಗೆ ದುಡ್ಡು ಬರುತ್ತಿದ್ದ ರೀತಿಯೇ ಬೇರೆ. ಸಕಲೇಶಪುರ, ಬೇಲೂರು, ಆಲೂರಿನ ಕಡೆಯ ಸಣ್ಣ ಬೆಳೆಗಾರರಿಗೆ ಕಾಫಿ ಕುಯಿಲು ಮುಗಿದು, ಒಣಗಿಸಿ, ಮಾರಿದ ಮೇಲೆ ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಬರುತ್ತದೆ. ಬಯಲು ಸೀಮೆಯ ಕಡೆ ಆಲೂಗೆಡ್ಡೆ ಕಿತ್ತಾಗ ಬರುತ್ತದೆ, ಬಂದರೆ. ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಮಾತ್ರ ಬಟವಾಡೆ ಕ್ರಮವಾಗಿ ಆಗುತ್ತದೆ, ಆದರೆ ಆ ದುಡ್ಡು ಹಿಂಡಿ ಬೂಸಾಕ್ಕೆ ಮತ್ತು ದಿನಸಿಗೆ ಹೊರಟುಹೋಗಿರುತ್ತದೆ.

ಹಾಗಾಗಿ ಈ ಮನೆಗಳ ಮಕ್ಕಳಿಗೂ ಕೈಖರ್ಚಿನ ಹಣ ಗಂಟಾಗಿಯೇ ಬರುತ್ತದೆ. ಜೂನ್‌ನಲ್ಲಿ ಹಾಸ್ಟೆಲಿಗೆ ಬಿಡುವಾಗ ಅಪ್ಪ ಒಂದಿಷ್ಟು ಸಾವಿರ ಕೊಡುತ್ತಾರೆ. ಹಬ್ಬಕ್ಕೆ ಹೋದಾಗ ಅಜ್ಜಿ ಐನೂರರ ನೋಟೊಂದನ್ನು ಮಡಚಿ ಕೈಗಿಡುತ್ತಾರೆ, ಹಾಸನಾಂಬೆಯ ಬಾಗಿಲು ತೆರೆದಾಗ ದರ್ಶನಕ್ಕೆ ಬಂದ ನೆಂಟರು ಇನ್ನಷ್ಟು ಕೊಡುತ್ತಾರೆ. ನಡುವಿನ ತಿಂಗಳುಗಳಲ್ಲಿ ಏನೂ ಇರುವುದಿಲ್ಲ. ಇಂಥ ಮಕ್ಕಳ ಮುಂದೆ ನಿಂತು ‘ವಾರದ ಹಣದಲ್ಲಿ ಶೇಕಡಾ ಇಷ್ಟು ಉಳಿಸಿ’ ಎಂದರೆ, ಅವರು ಸೌಜನ್ಯದಿಂದ ತಲೆಯಾಡಿಸುತ್ತಾರೆ, ಅಷ್ಟೆ.

ಹಾಸನದ ಸಮೀಪದ ಒಂದು ಪದವಿಪೂರ್ವ ಕಾಲೇಜಿನವರು ಹಣಕಾಸು ಸಾಕ್ಷರತಾ ದಿನಕ್ಕೆ ನನ್ನನ್ನು ಕರೆದು, “ಪಾಕೆಟ್ ಮನಿ, ಡೆಬಿಟ್ ಕಾರ್ಡು, ಉಳಿತಾಯ, ಮೂರೂ ಬರಬೇಕು ಸಾರ್, ಆದರೆ ಹದಿನೈದು ನಿಮಿಷ ದಾಟಬಾರದು” ಎಂದಾಗ ನಾನು ಈ ಒಂದೇ ಪ್ರಶ್ನೆಯನ್ನು ಎತ್ತಿಕೊಂಡೆ. ಗಂಟಾಗಿ ಬಂದ ದುಡ್ಡನ್ನು ವಾರಗಳಿಗೆ ಹಂಚುವುದು ಹೇಗೆ, ಆ ಕೆಲಸದಲ್ಲಿ ಬ್ಯಾಂಕ್ ಖಾತೆ ಮತ್ತು ಕಾರ್ಡು ಎಲ್ಲಿ ನೆರವಾಗುತ್ತವೆ, ಎಲ್ಲಿ ಕೈ ಕಚ್ಚುತ್ತವೆ? ಅಲ್ಲಿ ಹೇಳಿದ್ದನ್ನು, ಸಮಯದ ಅಭಾವದಿಂದ ಬಿಟ್ಟ ಕೆಲವನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಭಾಷಣವನ್ನು ನಾನು ಒಬ್ಬ ಕಾಲ್ಪನಿಕ ಹುಡುಗನಿಂದ ಆರಂಭಿಸಿದೆ. ಅವನು ಮೊದಲ ಪಿಯುಸಿಯಲ್ಲಿದ್ದಾನೆ, ಹದಿನಾರು ವರ್ಷ, ಸಕಲೇಶಪುರದ ಕಡೆಯವನು, ಹಾಸನದ ಹಾಸ್ಟೆಲಿನಲ್ಲಿದ್ದಾನೆ. ಊಟ, ವಸತಿ, ಶುಲ್ಕಗಳನ್ನು ಮನೆಯವರು ಬೇರೆಯಾಗಿ ಕಟ್ಟಿದ್ದಾರೆ. ಜೂನ್ ಮೊದಲ ವಾರ ಅಪ್ಪ ಅವನ ಖಾತೆಗೆ ₹6,000 ಹಾಕಿ, “ದಸರಾ ರಜಕ್ಕೆ ಬರುವವರೆಗೆ ಇದೇ ಮಗ, ಮಧ್ಯದಲ್ಲಿ ಕೇಳಬೇಡ” ಎಂದಿದ್ದಾರೆ. ಅಕ್ಟೋಬರ್ ನಡುವಿನವರೆಗೆ ಸುಮಾರು ಇಪ್ಪತ್ತು ವಾರಗಳಾಗುತ್ತವೆ. “ಇದು ಹೆಚ್ಚೋ ಕಡಿಮೆಯೋ?” ಎಂದು ಮಕ್ಕಳನ್ನು ಕೇಳಿದರೆ ಅರ್ಧ ಸಭೆ ಹೆಚ್ಚು ಎಂದಿತು, ಇನ್ನರ್ಧ ಕಡಿಮೆ ಎಂದಿತು. ಎರಡಕ್ಕೂ ಅರ್ಥವಿಲ್ಲ, ಏಕೆಂದರೆ ಆ ಹಣದಲ್ಲಿ ಯಾವ ಯಾವ ಖರ್ಚು ಬರುತ್ತದೆ ಎಂದು ನಾನು ಇನ್ನೂ ಹೇಳಿರಲಿಲ್ಲ. ಕೈಖರ್ಚಿನ ಮೊತ್ತದ ಬಗ್ಗೆ ಮನೆಗಳಲ್ಲಿ ನಡೆಯುವ ಜಗಳಗಳ ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆಂದು ನನಗೆ ಅನ್ನಿಸುತ್ತದೆ. ಮೊಬೈಲ್ ರೀಚಾರ್ಜು ಯಾರ ಲೆಕ್ಕ, ಜೆರಾಕ್ಸ್ ಯಾರ ಲೆಕ್ಕ, ಊರಿಗೆ ಹೋಗಿಬರುವ ಬಸ್ಸಿನ ಖರ್ಚು ಯಾರದು ಎಂಬುದನ್ನು ಮೊದಲೇ ಮಾತಾಡಿಕೊಂಡಿರುವುದಿಲ್ಲ. ಬಸ್ಸಿನ ವಿಷಯದಲ್ಲಿ ಈಗ ಒಂದೇ ಮನೆಯ ಅಣ್ಣ ತಂಗಿಯರ ನಡುವೆಯೇ ವ್ಯತ್ಯಾಸವಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಂಗಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿನ ಹಣವಿಲ್ಲದೆ ಓಡಾಡುತ್ತಾಳೆ, ಅಣ್ಣ ಪಾಸ್ ಮಾಡಿಸಬೇಕು ಇಲ್ಲವೇ ಟಿಕೆಟ್ ಕೊಳ್ಳಬೇಕು. ಇಬ್ಬರಿಗೂ ಸಮನಾಗಿ ಕೊಟ್ಟೆವೆಂದು ಹೇಳುವ ತಂದೆ ತಾಯಂದಿರು ಇದನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ನಮ್ಮ ಹುಡುಗನ ವಿಷಯದಲ್ಲಿ ರೀಚಾರ್ಜು ಮತ್ತು ಊರಿನ ಬಸ್ಸು ಅಪ್ಪನ ಲೆಕ್ಕ, ಉಳಿದದ್ದೆಲ್ಲ ಅವನದು ಎಂದಿಟ್ಟುಕೊಳ್ಳೋಣ. ಮೊದಲ ದಿನವೇ ಅವನು ₹6,000ದಲ್ಲಿ ₹1,000ವನ್ನು ಬೇರೆ ತೆಗೆಯುತ್ತಾನೆ. ಉಳಿದ ₹5,000ವನ್ನು ಇಪ್ಪತ್ತು ವಾರಗಳಿಗೆ ಹಂಚಿದರೆ ವಾರಕ್ಕೆ ₹250 ಬರುತ್ತದೆ. ಎಲ್ಲ ಖರ್ಚಾದ ಮೇಲೆ ಉಳಿದದ್ದನ್ನು ಕೂಡಿಡುತ್ತೇನೆ ಎನ್ನುವವನ ಬಳಿ ಗಂಟಿನ ಹಣದಲ್ಲಿ ಏನೂ ಉಳಿಯುವುದಿಲ್ಲ, ಏಕೆಂದರೆ ಆರು ಸಾವಿರ ಕಣ್ಣೆದುರಿಗಿರುವ ಜೂನ್ ತಿಂಗಳಲ್ಲಿ ನೂರು ರೂಪಾಯಿಯ ಖರ್ಚು ಖರ್ಚೆಂದೇ ಅನ್ನಿಸುವುದಿಲ್ಲ. ವಾರಕ್ಕೆ ₹250 ಎಂದು ಗೊತ್ತಾದ ಮೇಲೆ ಅದೇ ನೂರು ರೂಪಾಯಿ ವಾರದ ಹಣದ ಐದು ಪಾಲಿನಲ್ಲಿ ಎರಡು ಎಂದು ಕಾಣಿಸುತ್ತದೆ. ಮಳೆಗಾಲದಲ್ಲಿ ಒಮ್ಮೆ ತುಂಬುವ ಕೆರೆಯ ತೂಬನ್ನು ನಮ್ಮ ಹಿರಿಯರು ಯಾವ ಲೆಕ್ಕದಲ್ಲಿ ಎತ್ತುತ್ತಿದ್ದರೋ ಅದೇ ಲೆಕ್ಕ ಇದು ಎಂದಾಗ, ಹಿಂದಿನ ಸಾಲಿನ ಹುಡುಗರು ಮೊದಲ ಬಾರಿಗೆ ನೇರವಾಗಿ ಕುಳಿತರು.

ಇನ್ನು ಖಾತೆಯ ಮಾತು. ಹದಿನೆಂಟು ತುಂಬದವರು ಖಾತೆ ನಡೆಸಲು ಅಪ್ಪ ಅಮ್ಮನ ಸಹಿ ಬೇಕೇಬೇಕು ಎಂಬ ನಂಬಿಕೆ ಇನ್ನೂ ಇದೆ. ಹತ್ತು ವರ್ಷ ತುಂಬಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ತೆರೆದು ತಾವೇ ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿತ್ತು. 2025ರ ಏಪ್ರಿಲ್‌ನಲ್ಲಿ ಆ ನಿಯಮಗಳನ್ನು ಪರಿಷ್ಕರಿಸಿದಾಗಲೂ ಅದನ್ನು ಉಳಿಸಿಕೊಂಡಿದೆ. ಎಷ್ಟು ಮೊತ್ತದವರೆಗೆ, ಕಾರ್ಡು ಕೊಡಬೇಕೇ, ಮೊಬೈಲ್ ಬ್ಯಾಂಕಿಂಗ್ ಕೊಡಬೇಕೇ ಎಂಬುದನ್ನು ಆಯಾ ಬ್ಯಾಂಕಿನ ತೀರ್ಮಾನಕ್ಕೆ ಬಿಟ್ಟಿದೆ. ಹಾಗಾಗಿ ಒಂದು ಬ್ಯಾಂಕಿನಲ್ಲಿ ಗೆಳೆಯನಿಗೆ ಸಿಕ್ಕಿದ ಸೌಲಭ್ಯ ಇನ್ನೊಂದರಲ್ಲಿ ನಿಮಗೆ ಸಿಗದೆ ಹೋಗಬಹುದು. ಒಂದು ವಿಷಯ ಮಾತ್ರ ಎಲ್ಲ ಕಡೆಯೂ ಒಂದೇ: ಅಪ್ರಾಪ್ತರ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣ ತೆಗೆಯಲು ಬ್ಯಾಂಕು ಬಿಡುವಂತಿಲ್ಲ. ಡೆಬಿಟ್ ಕಾರ್ಡಿನಿಂದ ಸಾಲವಾಗುತ್ತದೆಯೇ ಎಂದು ಒಬ್ಬ ಹುಡುಗಿ ಕೇಳಿದ ಪ್ರಶ್ನೆಗೆ ಇದೇ ಉತ್ತರ. ಅದು ನಿಮ್ಮದೇ ಹಣವನ್ನು ಆ ಕ್ಷಣದಲ್ಲೇ ಖಾತೆಯಿಂದ ತೆಗೆಯುತ್ತದೆ, ಬ್ಯಾಂಕಿನ ಹಣವನ್ನಲ್ಲ.

ಆದರೆ ಸಾಲವಾಗದಿದ್ದರೂ ಸೋರಿಕೆಯಾಗುತ್ತದೆ, ನಾನು ಹೆಚ್ಚು ಸಮಯ ಕೊಟ್ಟದ್ದು ಇದಕ್ಕೇ. ನಮ್ಮ ಹುಡುಗನ ಹಾಸ್ಟೆಲಿನ ಪಕ್ಕದಲ್ಲಿರುವ ಎಟಿಎಂ ಅವನ ಬ್ಯಾಂಕಿನದಲ್ಲ. ಬೆಂಗಳೂರಿನಂಥ ಮೆಟ್ರೋ ನಗರಗಳನ್ನು ಬಿಟ್ಟು ಹಾಸನದಂಥ ಊರಿನಲ್ಲಿ ಬೇರೆ ಬ್ಯಾಂಕಿನ ಎಟಿಎಂ ಅನ್ನು ತಿಂಗಳಿಗೆ ಐದು ಬಾರಿ ಉಚಿತವಾಗಿ ಬಳಸಬಹುದು. ಈ ಐದರಲ್ಲಿ ಹಣ ತೆಗೆಯುವುದಷ್ಟೇ ಅಲ್ಲ, ಬಾಕಿ ಎಷ್ಟಿದೆ ಎಂದು ನೋಡುವುದೂ ಸೇರುತ್ತದೆ. ಇದು ಬಹಳ ಮಕ್ಕಳಿಗೆ ಗೊತ್ತಿಲ್ಲ. ಅವನು ಆಗಸ್ಟ್‌ನಲ್ಲಿ ಮೂರು ಬಾರಿ ಬಾಕಿ ನೋಡಿ, ಎರಡು ಬಾರಿ ಹಣ ತೆಗೆದ ಎನ್ನಿ. ಅಲ್ಲಿಗೆ ಐದು ಮುಗಿಯಿತು. ತಿಂಗಳ ಕೊನೆಯಲ್ಲಿ ಗೆಳೆಯನ ಹುಟ್ಟುಹಬ್ಬಕ್ಕೆಂದು ಮತ್ತೊಮ್ಮೆ ನೂರು ರೂಪಾಯಿ ತೆಗೆದರೆ, 2025ರ ಮೇ ತಿಂಗಳಿನಿಂದ ಬ್ಯಾಂಕುಗಳು ₹23ರವರೆಗೆ ಶುಲ್ಕ ಹಿಡಿಯಬಹುದು. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ ₹27.14 ಆಗುತ್ತದೆ. ನೂರು ರೂಪಾಯಿ ತೆಗೆಯಲು ಇಪ್ಪತ್ತೇಳು ರೂಪಾಯಿ!

ಈ ಇಪ್ಪತ್ತೇಳನ್ನು ಇನ್ನೊಂದು ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಬೇಕು. ಹುಡುಗ ಹದಿನೈದು ದಿನಕ್ಕೊಮ್ಮೆ ₹500 ತೆಗೆಯುತ್ತ ₹5,000ವನ್ನು ಇಪ್ಪತ್ತು ವಾರಗಳಲ್ಲಿ ಮುಗಿಸಿದರೆ ಅವನಿಗೆ ಬರುವ ಬಡ್ಡಿ ಎಷ್ಟು? ಉಳಿತಾಯ ಖಾತೆಯ ಬಡ್ಡಿಯನ್ನು ದಿನದಿನದ ಬಾಕಿಯ ಮೇಲೆ ಲೆಕ್ಕ ಹಾಕುತ್ತಾರೆ. ವರ್ಷಕ್ಕೆ ಶೇಕಡಾ ಎರಡೂವರೆ ಬಡ್ಡಿ ಎಂದಿಟ್ಟುಕೊಂಡರೆ, ₹4,500ರಿಂದ ಹದಿನಾಲ್ಕು ದಿನಕ್ಕೊಮ್ಮೆ ಐನೂರರಂತೆ ಇಳಿಯುವ ಬಾಕಿಗೆ ಒಟ್ಟು ಬರುವುದು ಸುಮಾರು ₹21.50. ಇಪ್ಪತ್ತು ವಾರ ತಾಳ್ಮೆಯಿಂದ ಕಾದ ಬಡ್ಡಿಯನ್ನು ಒಂದು ಹೆಚ್ಚುವರಿ ಎಟಿಎಂ ಭೇಟಿ ನುಂಗಿ, ಮೇಲೆ ಐದೂವರೆ ರೂಪಾಯಿಯನ್ನೂ ಕಿತ್ತುಕೊಳ್ಳುತ್ತದೆ. ಚಿಕ್ಕ ಖಾತೆಯಲ್ಲಿ ಬಡ್ಡಿಯ ಆಸೆಗಿಂತ ಶುಲ್ಕದ ಎಚ್ಚರ ಮುಖ್ಯ ಎಂದು ನಾನು ಹೇಳುವುದು ಇದಕ್ಕಾಗಿ. ಬ್ಯಾಂಕಿನ ಜಾಹೀರಾತಿನಲ್ಲಿ ಈ ಮಾತು ಇರುವುದಿಲ್ಲ.

ಇದಕ್ಕಿಂತಲೂ ಬೇಸರ ತರಿಸುವ ಇನ್ನೊಂದು ಶುಲ್ಕವಿದೆ. ಖಾತೆಯಲ್ಲಿ ₹480 ಇದ್ದಾಗ ₹500 ಒತ್ತಿದರೆ ಯಂತ್ರ ಹಣ ಕೊಡುವುದಿಲ್ಲ, ಆದರೆ ಹಲವು ಬ್ಯಾಂಕುಗಳು ಬಾಕಿ ಸಾಲದೆ ತಿರಸ್ಕೃತವಾದ ಆ ಯತ್ನಕ್ಕೂ ದಂಡ ಹಿಡಿಯುತ್ತವೆ. ಯಂತ್ರದಲ್ಲಿ ಹಣವಿಲ್ಲದೆ ಅಥವಾ ತಾಂತ್ರಿಕ ತೊಂದರೆಯಿಂದ ವ್ಯವಹಾರ ನಿಂತರೆ ಅದನ್ನು ಐದರ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆದರೆ ನಿಮ್ಮ ಖಾತೆಯಲ್ಲೇ ಹಣ ಸಾಲದಿದ್ದರೆ ಹೊಣೆ ನಿಮ್ಮದು. ಇದರ ಜೊತೆಗೆ ಕಾರ್ಡಿನ ವಾರ್ಷಿಕ ಶುಲ್ಕ ಮತ್ತು ಎಸ್‌ಎಂಎಸ್ ಶುಲ್ಕ ಎಂದು ಎರಡು ಇವೆ. ಮಕ್ಕಳ ಖಾತೆಗಳಿಗೆ ಇವನ್ನು ಬಿಟ್ಟುಕೊಡುವ ಬ್ಯಾಂಕುಗಳಿವೆ, ಬಿಡದವೂ ಇವೆ. ವರ್ಷಕ್ಕೆ ₹200 ಕಾರ್ಡ್ ಶುಲ್ಕ ಎಂದರೆ ತೆರಿಗೆ ಸೇರಿ ₹236 ಆಗುತ್ತದೆ, ಅಂದರೆ ನಮ್ಮ ಹುಡುಗನ ಹೆಚ್ಚುಕಡಿಮೆ ಒಂದು ವಾರದ ಖರ್ಚು. ಖಾತೆ ತೆರೆಯುವ ದಿನ ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆ ‘ಬಡ್ಡಿ ಎಷ್ಟು’ ಎಂಬುದಲ್ಲ, ‘ಈ ಖಾತೆಯಿಂದ ವರ್ಷದಲ್ಲಿ ಏನೇನು ಕಡಿತವಾಗುತ್ತದೆ’ ಎಂಬುದು. ಆಮೇಲೆ ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ ಮುದ್ರಿಸಿ, ನೀವು ತೆಗೆಯದ ಚಿಕ್ಕ ಚಿಕ್ಕ ಮೊತ್ತಗಳ ಸಾಲುಗಳನ್ನಷ್ಟೇ ಪೆನ್ಸಿಲಿನಲ್ಲಿ ಗುರುತಿಸಿ. ಸೋರಿಕೆ ಎಲ್ಲಿದೆಯೆಂದು ತಾನಾಗಿ ತಿಳಿಯುತ್ತದೆ.

ಹಾಗಾದರೆ ಹುಡುಗ ಏನು ಮಾಡಬೇಕು? ಬಾಕಿ ನೋಡಲು ಎಟಿಎಂಗೆ ಹೋಗಲೇಬಾರದು. ಹೆಚ್ಚಿನ ಬ್ಯಾಂಕುಗಳಲ್ಲಿ ನೋಂದಾಯಿಸಿದ ಮೊಬೈಲಿನಿಂದ ಮಿಸ್ಡ್ ಕಾಲ್ ಕೊಟ್ಟರೆ ಬಾಕಿಯ ಸಂದೇಶ ಬರುತ್ತದೆ. ಮೊಬೈಲು ಅಪ್ಪನದಾಗಿದ್ದರೆ ಸಂದೇಶವೂ ಅಪ್ಪನಿಗೇ ಹೋಗುತ್ತದೆ ಎಂದು ಒಬ್ಬ ಹುಡುಗ ಗೊಣಗಿದ. ಹೋಗಲಿ ಬಿಡಿ, ಈ ವಯಸ್ಸಿನಲ್ಲಿ ಅದು ಅಷ್ಟೇನೂ ಕೆಟ್ಟದ್ದಲ್ಲ. ಹಣ ತೆಗೆಯುವುದು ಎರಡು ವಾರಕ್ಕೊಮ್ಮೆ, ಗೊತ್ತಾದ ಒಂದು ದಿನ, ಪ್ರತಿ ಬಾರಿ ₹500. ತಿಂಗಳಿಗೆ ಎರಡು, ಅಪರೂಪಕ್ಕೆ ಮೂರು ಬಾರಿ ಆಗುವುದರಿಂದ ಉಚಿತ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ಇಲ್ಲೊಂದು ಪ್ರಾಯೋಗಿಕ ತೊಡಕಿದೆ. ₹500 ಒತ್ತಿದರೆ ಒಂದೇ ನೋಟು ಬರುತ್ತದೆ, ಮುರಿದ ನೋಟು ಬೇಗ ಕರಗುತ್ತದೆ. ₹400 ಒತ್ತಿದರೆ ಯಂತ್ರ ನೂರರ ಇಲ್ಲವೇ ಇನ್ನೂರರ ನೋಟುಗಳನ್ನೇ ಕೊಡಬೇಕಾಗುತ್ತದೆ. ಮೊದಲು ಹಲವು ಯಂತ್ರಗಳಲ್ಲಿ ಅವು ಇರುತ್ತಲೇ ಇರಲಿಲ್ಲ. 2026ರ ಮಾರ್ಚ್ ಕೊನೆಯ ಹೊತ್ತಿಗೆ ಶೇಕಡಾ 90ರಷ್ಟು ಎಟಿಎಂಗಳು ಕನಿಷ್ಠ ಒಂದು ಪೆಟ್ಟಿಗೆಯಿಂದ ನೂರರ ಅಥವಾ ಇನ್ನೂರರ ನೋಟು ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದ ಮೇಲೆ ಈ ಉಪಾಯಕ್ಕೆ ಅರ್ಥ ಬಂದಿದೆ. ವಾರಕ್ಕೆ ₹200ರಲ್ಲಿ ನಡೆಯುತ್ತದೆ ಎನ್ನುವವರು ನಾನೂರನ್ನೇ ತೆಗೆಯಲಿ, ಮಿಕ್ಕ ನೂರು ಖಾತೆಯಲ್ಲೇ ಉಳಿಯುತ್ತದೆ.

ಯಂತ್ರದಿಂದ ಹಣ ಬಾರದೆ ಖಾತೆಯಿಂದ ಕಡಿತವಾದರೆ ಗಾಬರಿ ಬೇಡ. ಐದು ದಿನದೊಳಗೆ ಬ್ಯಾಂಕು ತಾನಾಗಿ ಹಿಂದಿರುಗಿಸಬೇಕು, ತಪ್ಪಿದರೆ ಆಮೇಲಿನ ಪ್ರತಿ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2019ರಿಂದ ಇದೆ. ಚೀಟಿಯನ್ನೋ, ಸಮಯ ಮತ್ತು ಸ್ಥಳವನ್ನೋ ಬರೆದಿಟ್ಟುಕೊಂಡರೆ ಸಾಕು.

ಹಾಸ್ಟೆಲುಗಳಲ್ಲಿ ನಡೆಯುವ ಒಂದು ಪದ್ಧತಿಯ ಬಗ್ಗೆ ಮಾತ್ರ ನಾನು ಸ್ವಲ್ಪ ಕಟುವಾಗಿಯೇ ಮಾತಾಡಿದೆ. ಪೇಟೆಗೆ ಹೊರಟ ಒಬ್ಬನ ಕೈಗೆ ನಾಲ್ಕು ಜನ ತಮ್ಮ ಕಾರ್ಡು ಕೊಟ್ಟು, ಪಿನ್ನನ್ನು ಹಸ್ತದ ಮೇಲೆ ಬರೆದು ಕಳಿಸುತ್ತಾರೆ. ಸ್ನೇಹದಲ್ಲಿ ಇದು ಸಹಜ, ಹಾಗೆ ಹೋದವನು ಕಳ್ಳನೂ ಅಲ್ಲ. ಆದರೆ ಆ ಕಾರ್ಡು ದಾರಿಯಲ್ಲಿ ಬಿದ್ದುಹೋದರೆ? ಮೂರನೆಯವರ ವಂಚನೆಯಿಂದ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ನಷ್ಟದ ಹೊಣೆ ಇಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. ಅದೇ ಸುತ್ತೋಲೆ, ಪಿನ್ ಹಂಚಿಕೊಂಡಂಥ ಗ್ರಾಹಕನ ನಿರ್ಲಕ್ಷ್ಯದಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವ ಕ್ಷಣದವರೆಗಿನ ಪೂರ್ತಿ ನಷ್ಟ ಅವನದೇ ಎಂದೂ ಹೇಳುತ್ತದೆ. ಅಂದರೆ ಗೆಳೆಯನಿಗೆ ಪಿನ್ ಹೇಳಿದ ಕೂಡಲೇ ನಿಮ್ಮ ರಕ್ಷಣೆಯನ್ನು ನೀವೇ ಬಿಟ್ಟುಕೊಟ್ಟಂತಾಯಿತು, ಗೆಳೆಯ ಎಷ್ಟೇ ಒಳ್ಳೆಯವನಾಗಿರಲಿ. ಕಾರ್ಡು ಕಳೆದರೆ ಮೊದಲು ಬ್ಯಾಂಕಿನ ಸಹಾಯವಾಣಿಗೆ ಹೇಳಿ ಅದನ್ನು ಮುಚ್ಚಿಸಬೇಕು, ಹಣವೂ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಪಿನ್ ಇಲ್ಲದೆ ತಾಗಿಸಿ ಪಾವತಿಸುವ ಸೌಲಭ್ಯ ನಿಮಗೆ ಬೇಡವಾಗಿದ್ದರೆ ಅದನ್ನು ಮುಚ್ಚಿಡಿ. ಆ ದಾರಿಯಲ್ಲಿ ಒಂದು ಬಾರಿಗೆ ₹5,000ದವರೆಗೆ ಪಿನ್ ಇಲ್ಲದೆಯೇ ಹೋಗಬಹುದು, ನಮ್ಮ ಹುಡುಗನಿಗೆ ಅದು ಇಪ್ಪತ್ತು ವಾರದ ಖರ್ಚು.

‘ನಿನ್ನ ಖಾತೆಗೆ ಸ್ವಲ್ಪ ದುಡ್ಡು ಬರುತ್ತೆ, ತೆಗೆದು ಕೊಡು, ನಿನಗೂ ಸಾವಿರ ಕೊಡ್ತೀನಿ’ ಎಂದು ಪರಿಚಯದ ಅಣ್ಣನೊಬ್ಬ ಕೇಳಬಹುದು ಎಂದೂ ಹೇಳಿದೆ. ವಂಚಕರು ಕದ್ದ ಹಣವನ್ನು ದಾಟಿಸುವುದು ಇಂಥ ಖಾತೆಗಳ ಮೂಲಕವೇ. ಪೊಲೀಸರು ಮೊದಲು ಬಂದು ನಿಲ್ಲುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಯ ಮುಂದೆ.

ಈಗ ಬೇರೆ ತೆಗೆದಿಟ್ಟ ಆ ಸಾವಿರ. ಅದನ್ನು ಅದೇ ಖಾತೆಯಲ್ಲಿ ಬಿಟ್ಟರೆ ಬೇರೆ ತೆಗೆದಂತೆಯೇ ಆಗಲಿಲ್ಲ, ಏಕೆಂದರೆ ಕಾರ್ಡಿಗೆ ಎರಡೂ ಒಂದೇ. ಕಾರ್ಡಿನ ಕೈಗೆಟುಕದ ಜಾಗದಲ್ಲಿ ಅದು ಇರಬೇಕು. ಅಂಚೆ ಕಚೇರಿಯ ಆರ್‌ಡಿ ಚೆನ್ನಾಗಿದೆ, ತಿಂಗಳಿಗೆ ನೂರು ರೂಪಾಯಿಯಿಂದ ಕಟ್ಟಬಹುದು, ಆದರೆ ಅದರ ಅವಧಿ ಐದು ವರ್ಷ, ಮೂರು ವರ್ಷಕ್ಕೆ ಮೊದಲು ಮುಚ್ಚಲು ಬರುವುದಿಲ್ಲ. ಪ್ರತಿ ತಿಂಗಳೂ ತಪ್ಪದೆ ಕಟ್ಟಬೇಕಾದ್ದರಿಂದ ಗಂಟಿನ ದುಡ್ಡಿನವರಿಗೆ ಅದು ಅಷ್ಟಾಗಿ ಹೊಂದುವುದೂ ಇಲ್ಲ. ಎರಡು ವರ್ಷದಲ್ಲಿ ಪಿಯುಸಿ ಮುಗಿಸಿ ಬೇರೆ ಊರಿಗೆ ಹೋಗುವ ಹುಡುಗನಿಗೆ ಬ್ಯಾಂಕಿನ ಒಂದು ನಿಶ್ಚಿತ ಠೇವಣಿ ಹೆಚ್ಚು ಸೂಕ್ತ. ಬಹಳಷ್ಟು ಬ್ಯಾಂಕುಗಳು ಸಾವಿರ ರೂಪಾಯಿಗೂ ಠೇವಣಿ ಮಾಡಿಕೊಡುತ್ತವೆ. ಶೇಕಡಾ ಆರರಂತೆ ಐದು ತಿಂಗಳಿಗೆ ಅದರ ಬಡ್ಡಿ ₹25 ಎಂದಾಗ ಮಕ್ಕಳು ನಕ್ಕರು. ನಗಲಿ. ಬಡ್ಡಿಗಾಗಿ ಅಲ್ಲಿಡುವುದಲ್ಲ, ಹುಟ್ಟುಹಬ್ಬದ ಸಂಜೆ ಎಟಿಎಂ ಮುಂದೆ ನಿಂತಾಗ ಆ ಸಾವಿರ ಬಾಕಿಯಲ್ಲಿ ಕಾಣಿಸದಿರಲಿ ಎಂದು ಇಡುವುದು. ನಿಜವಾದ ತುರ್ತು ಬಂದರೆ ಅವಧಿಗೆ ಮೊದಲೇ ಮುರಿಸಬಹುದು. ಬಡ್ಡಿಯ ದರದಲ್ಲಿ ಶೇಕಡಾ ಅರ್ಧದಿಂದ ಒಂದರಷ್ಟು ಕಡಿಮೆ ಮಾಡುತ್ತಾರೆ, ಸಾವಿರ ರೂಪಾಯಿಗೆ ಅದು ಕೆಲವೇ ರೂಪಾಯಿಗಳ ನಷ್ಟ. ಜ್ವರ ಬಂದಾಗ ಠೇವಣಿ ಮುರಿಯಲು ಹೆದರಿ ಗೆಳೆಯನ ಬಳಿ ಸಾಲ ಮಾಡುವ ಅಗತ್ಯವಿಲ್ಲ.

ನಡುವೆ ಅಜ್ಜಿ ಕೊಟ್ಟ ಐನೂರು, ನೆಂಟರು ಕೊಟ್ಟ ಇನ್ನೂರು ಬಂದರೆ? ಇದು ಸಭೆಯಿಂದಲೇ ಬಂದ ಪ್ರಶ್ನೆ. ವಾರದ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಅರ್ಧವನ್ನು ಯಾವ ಲೆಕ್ಕವೂ ಇಲ್ಲದೆ ಖುಷಿಯಾಗಿ ಖರ್ಚು ಮಾಡಿ, ಉಳಿದರ್ಧವನ್ನು ಮುಂದಿನ ಠೇವಣಿಗೆ ಸೇರಿಸಿ. ಪೂರ್ತಿ ಉಳಿಸಿ ಎಂದು ಹೇಳುವ ದೊಡ್ಡವರ ಮಾತನ್ನು ಹದಿನಾರರ ಹುಡುಗರು ಕೇಳಿದ್ದನ್ನು ನಾನು ನೋಡಿಲ್ಲ.

ಕೊನೆಗೆ ಎರಡನೇ ಪಿಯುಸಿಯವರಿಗೆ ಒಂದು ಮಾತು ಹೇಳಿದೆ, ಅದು ಅವರ ಅಧ್ಯಾಪಕರಿಗೂ ಹೊಸದಾಗಿತ್ತು. ಹದಿನೆಂಟು ತುಂಬಿದಾಗ ಅಪ್ರಾಪ್ತರ ಖಾತೆ ತಾನಾಗಿ ದೊಡ್ಡವರ ಖಾತೆಯಾಗುವುದಿಲ್ಲ. ಬ್ಯಾಂಕು ಹೊಸ ಮಾದರಿ ಸಹಿಯನ್ನೂ, ಖಾತೆ ನಡೆಸುವ ಬಗ್ಗೆ ಹೊಸ ಸೂಚನೆಯನ್ನೂ ಪಡೆಯಬೇಕು, ಅದಾಗುವವರೆಗೆ ಖಾತೆಯಿಂದ ಹಣ ತೆಗೆಯಲು ತಡೆ ಬೀಳಬಹುದು. ಹುಟ್ಟಿದ ದಿನ ಏಪ್ರಿಲ್ ಮೇ ತಿಂಗಳಲ್ಲಿರುವವರಿಗೆ ಈ ತಡೆ ಸರಿಯಾಗಿ ಸಿಇಟಿ ಮತ್ತು ಪ್ರವೇಶ ಶುಲ್ಕದ ಹೊತ್ತಿಗೆ ಎದುರಾಗುತ್ತದೆ. ಹುಟ್ಟುಹಬ್ಬ ಕಳೆದ ವಾರದಲ್ಲೇ ಆಧಾರ್, ಪ್ಯಾನ್, ಎರಡು ಫೋಟೋ ಹಿಡಿದು ಖಾತೆಯಿರುವ ಶಾಖೆಗೆ ಹೋಗಬೇಕು. ಪ್ಯಾನ್ ಇಲ್ಲದವರು ಅದರ ಬದಲು ಯಾವ ನಮೂನೆ ತುಂಬಬೇಕೆಂದು ಅಲ್ಲೇ ಕೇಳಬಹುದು. ಖಾತೆಗೆ ಅಪ್ಪನ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದರೆ ಅದನ್ನು ನಿಮ್ಮದಕ್ಕೆ ಬದಲಾಯಿಸುವ ಅರ್ಜಿಯನ್ನೂ ಅದೇ ದಿನ ಕೊಟ್ಟುಬಿಡಿ, ಇಲ್ಲದಿದ್ದರೆ ಮುಂದೆ ಬೆಂಗಳೂರಿನಲ್ಲಿ ಶುಲ್ಕ ಕಟ್ಟುವಾಗ ಬರುವ ಒಟಿಪಿ ತೋಟದಲ್ಲಿರುವ ಅಪ್ಪನ ಜೇಬಿನಲ್ಲಿ ರಿಂಗಣಿಸುತ್ತದೆ, ಅಲ್ಲಿ ನೆಟ್‌ವರ್ಕ್ ಸಿಕ್ಕರೆ.